ನಿಮ್ಮ ಟೇಬಲ್‌ನಲ್ಲಿ ನೀವು ಎಲ್ಲೂ ಸೋತಿಲ್ಲ

"ಮೇಡಂ, ದಂತ ಕ್ಲಿನಿಕ್‌ಗಳಿಗೆ ಅಪಾಯಿಂಟ್‌ಮೆಂಟ್ ಸಾಫ್ಟ್‌ವೇರ್ ಮಾಡುವ ತಂಡವೊಂದಕ್ಕೆ ನಾನು ಬರೆದ ಬಿಸಿನೆಸ್ ಪ್ಲಾನ್ ಕಳಿಸಿದ್ದೇನೆ. ಇದು ನನ್ನ ಮೊದಲ ಪ್ಲಾನ್. ಪ್ರತಿಸ್ಪರ್ಧಿಗಳ ಜೊತೆ ಹೋಲಿಸಿರುವ ಟೇಬಲ್ ಚೆನ್ನಾಗಿ ಬಂದಿದೆ ಅಂದುಕೊಂಡಿದ್ದೆ, ಆದರೆ ಓದಿದ ಒಬ್ಬರು 'ಯಾಕೋ ನಂಬಿಕೆ ಬರಲಿಲ್ಲ' ಅಂದರು. ಎಲ್ಲಿ ತಪ್ಪಿದ್ದೇನೆ?"

ಆ ಟೇಬಲ್‌ನಲ್ಲಿ 9 ಸಾಲುಗಳಿವೆ, ನಿಮ್ಮ ಕಾಲಂನಲ್ಲಿ ಒಂಬತ್ತಕ್ಕೂ ಟಿಕ್. ಅದನ್ನು ನೋಡಿದ ಕೂಡಲೇ ನನಗೆ ಬಂದ ಪ್ರಶ್ನೆ, ಈ 9 ಸಾಲುಗಳನ್ನು ಆರಿಸಿದವರು ಯಾರು ಅಂತ. ನೀವೇ ಅಲ್ವಾ? ನಿಮ್ಮ ಸಾಫ್ಟ್‌ವೇರ್‌ನಲ್ಲಿ ಏನೇನಿದೆ ಅನ್ನುವ ಪಟ್ಟಿಯನ್ನು ಮುಂದಿಟ್ಟುಕೊಂಡು ಅದನ್ನೇ ಸಾಲು ಮಾಡಿದ್ದೀರಿ. ಹಾಗೆ ಮಾಡಿದರೆ ಯಾರ ಟೇಬಲ್ ಆದರೂ ಅವರೇ ಗೆಲ್ಲುತ್ತಾರೆ. ನಾನು ಒಂದು ಕೆಲಸ ಮಾಡಿದೆ. ನಿಮ್ಮ ಮೊದಲ ಪ್ರತಿಸ್ಪರ್ಧಿ ತಮ್ಮ ಬಗ್ಗೆ ತಾವೇ ಹೇಳಿಕೊಂಡಿರುವುದನ್ನು ಸಾಲು ಮಾಡಿ ಇನ್ನೊಂದು ಟೇಬಲ್ ಬರೆದೆ. ಎಕ್ಸ್‌ರೇ ಚಿತ್ರ ಇಡುವ ಜಾಗ, ಹಲವು ಶಾಖೆಗಳ ಲೆಕ್ಕ, ವಿಮೆಯ ಕಾಗದಪತ್ರ ಹೀಗೆ 8 ಸಾಲು ಬಂತು, ಅದರಲ್ಲಿ 6 ನಿಮ್ಮಲ್ಲಿ ಇಲ್ಲ. ನೀವೂ ಒಮ್ಮೆ ಬರೆದು ನೋಡಿ, ಅರ್ಧ ಗಂಟೆಯ ಕೆಲಸ.

ಹಾಗಂತ ಆ 8 ಸಾಲನ್ನೂ ತಂದು ಸೇರಿಸಿ ಅಂತ ನಾನು ಹೇಳುತ್ತಿಲ್ಲ. ಸಾಲು ಗ್ರಾಹಕರ ಬಾಯಿಂದ ಬರಬೇಕು. 4ನೇ ಪುಟದಲ್ಲಿ ನೀವು 11 ಕ್ಲಿನಿಕ್‌ಗಳವರ ಜೊತೆ ಮಾತಾಡಿದ್ದನ್ನು ಬರೆದಿದ್ದೀರಿ. ಇಡೀ ಪ್ಲಾನ್‌ನಲ್ಲಿ ನನಗೆ ತುಂಬಾ ಇಷ್ಟವಾದ ಪುಟ ಅದು. ಅವರಲ್ಲಿ 7 ಜನ ಒಂದೇ ಮಾತು ಹೇಳಿದ್ದಾರೆ: ಬರುತ್ತೇನೆ ಅಂದ ರೋಗಿ ಬರುವುದಿಲ್ಲ, ಕುರ್ಚಿ ಖಾಲಿ ಉಳಿಯುತ್ತದೆ, ಡಾಕ್ಟರ್ ಸುಮ್ನೆ ಕೂರಬೇಕಾಗುತ್ತದೆ. ಇಷ್ಟು ದೊಡ್ಡ ವಿಷಯ ಟೇಬಲ್‌ಗೆ ಬರುವಾಗ 'ರಿಮೈಂಡರ್' ಅನ್ನುವ ಒಂದೇ ಪದವಾಗಿದೆ, ನಿಮಗೂ ಇಬ್ಬರು ಪ್ರತಿಸ್ಪರ್ಧಿಗಳಿಗೂ ಟಿಕ್ ಬಿದ್ದಿದೆ. ಟಿಕ್ ಗುರುತಿನ ತೊಂದರೆಯೇ ಇದು, ಇದೆಯೋ ಇಲ್ಲವೋ ಅಷ್ಟನ್ನೇ ಹೇಳುತ್ತದೆ, ಎಷ್ಟು ಇದೆ ಅನ್ನುವುದನ್ನು ಮುಚ್ಚಿಡುತ್ತದೆ. ರಿಮೈಂಡರ್ ಎಷ್ಟು ಮುಂಚೆ ಹೋಗುತ್ತದೆ? ರೋಗಿ ಅದಕ್ಕೆ 'ಬರಲ್ಲ' ಅಂತ ಉತ್ತರ ಕೊಡಬಹುದೇ? ಕೊಟ್ಟರೆ ಖಾಲಿಯಾದ ಆ ಸಮಯವನ್ನು ತುಂಬುವವರು ಯಾರು? ನಿಮ್ಮ ಸಾಫ್ಟ್‌ವೇರ್ ಕಾಯುತ್ತಿರುವ ರೋಗಿಗಳಿಗೆ ತಾನೇ ಮೆಸೇಜ್ ಕಳಿಸಿ 'ಈಗ ಬರುತ್ತೀರಾ' ಅಂತ ಕೇಳುತ್ತದೆ ಅನ್ನುವ ಮಾತು 7ನೇ ಪುಟದಲ್ಲಿ ಒಂದೇ ವಾಕ್ಯದಲ್ಲಿ ಬಂದು ಹೋಗಿದೆ. ಟೇಬಲ್‌ನಲ್ಲಿ ಇರಬೇಕಾದದ್ದು ಅದು. ಬಣ್ಣ ಬದಲಿಸುವ ಸೌಲಭ್ಯದ ಸಾಲನ್ನು ತೆಗೆದುಬಿಡಿ, ಅದನ್ನು ಯಾವ ಕ್ಲಿನಿಕ್‌ನವರೂ ಕೇಳಿಲ್ಲ.

ಎರಡನೇ ಪ್ರತಿಸ್ಪರ್ಧಿಯಲ್ಲಿ 'ವೇಟಿಂಗ್ ಲಿಸ್ಟ್ ಇಲ್ಲ' ಅಂತ ಬರೆದಿದ್ದೀರಿ. ಹೇಗೆ ಗೊತ್ತಾಯಿತು? ಅವರ ವೆಬ್‌ಸೈಟ್‌ನ ಮೊದಲ ಪುಟದಲ್ಲಿ ಕಾಣದಿದ್ದರೆ ಇಲ್ಲ ಅಂತ ಅರ್ಥವಲ್ಲ. ಸಹಾಯ ಪುಟಗಳನ್ನು ಓದಿ, ಟ್ರಯಲ್ ಅಕೌಂಟ್ ತೆರೆದು ನೋಡಿ. ಎಷ್ಟೋ ಸಲ ಆ ಸೌಲಭ್ಯ ಅವರ ಜಾಸ್ತಿ ಬೆಲೆಯ ಪ್ಲಾನ್‌ನಲ್ಲಿ ಇರುತ್ತದೆ. ಹಾಗಿದ್ದರೆ ಹಾಗೆಯೇ ಬರೆಯಿರಿ, ನೋಡಿದ ದಿನಾಂಕವನ್ನೂ ಟೇಬಲ್ ಕೆಳಗೆ ಹಾಕಿ. ಓದುವವರು ಒಂದೇ ಒಂದು ಸಾಲನ್ನು ಪರೀಕ್ಷಿಸಿ ಅದು ತಪ್ಪು ಅಂತ ಕಂಡುಕೊಂಡರೆ ಉಳಿದ ಎಂಟನ್ನೂ ನಂಬುವುದಿಲ್ಲ.

ಈಗ ಬೆಲೆಯ ಸಾಲಿಗೆ ಬರುತ್ತೇನೆ. ನಿಮ್ಮ ಓದುಗರಿಗೆ ನಂಬಿಕೆ ಹೋಗಿದ್ದು ಇಲ್ಲೇ ಇರಬೇಕು ಅಂತ ನನ್ನ ಅನಿಸಿಕೆ. ಮೊದಲ ಪ್ರತಿಸ್ಪರ್ಧಿ ತಿಂಗಳಿಗೆ ಬಳಸುವ ಒಬ್ಬೊಬ್ಬರ ಲೆಕ್ಕದಲ್ಲಿ 100 ತೆಗೆದುಕೊಳ್ಳುತ್ತಾರೆ, ನೀವು ಎಷ್ಟೇ ಜನ ಬಳಸಿದರೂ ಕ್ಲಿನಿಕ್‌ಗೆ 400. ಟೇಬಲ್‌ನಲ್ಲಿ ನೀವು ಐದು ಜನರ ಕ್ಲಿನಿಕ್ ಇಟ್ಟುಕೊಂಡು ಅವರದು 500, ನಮ್ಮದು 400, ಶೇ 20ರಷ್ಟು ಕಡಿಮೆ ಅಂತ ತೋರಿಸಿದ್ದೀರಿ. ಲೆಕ್ಕ ಸರಿಯೇ ಇದೆ. ಆದರೆ 3ನೇ ಪುಟದಲ್ಲಿ ನಿಮ್ಮ ಗ್ರಾಹಕರು ಯಾರು ಅಂತ ಹೇಳುವಾಗ 'ಒಬ್ಬ ಡಾಕ್ಟರ್, ಒಬ್ಬ ರಿಸೆಪ್ಷನಿಸ್ಟ್, ಕೆಲವು ಕಡೆ ಒಬ್ಬ ಸಹಾಯಕ' ಅಂತ ನೀವೇ ಬರೆದಿದ್ದೀರಿ. ಅಂದರೆ ಇಬ್ಬರು ಅಥವಾ ಮೂವರು. ಇಬ್ಬರಿದ್ದರೆ ಅವರದು 200, ನಿಮ್ಮದು ಅದರ ಎರಡರಷ್ಟು. ಮೂವರಿದ್ದರೂ ನೀವೇ ದುಬಾರಿ. ನಾಲ್ಕಕ್ಕೆ ಸಮ, ಐದನೆಯವರು ಬಂದ ಮೇಲಷ್ಟೇ ನೀವು ಅಗ್ಗ. ಯಾರಿಗೆ ಮಾರುತ್ತೇವೆ ಅಂತ ಹೇಳಿದ್ದೀರೋ ಅವರಿಗೇ 'ಕಡಿಮೆ ಬೆಲೆ' ಅನ್ನುವ ಮಾತು ಸುಳ್ಳಾಗುತ್ತದೆ. ಗ್ರಾಹಕರನ್ನು ಬದಲಿಸಬೇಕು, ಇಲ್ಲವೇ ಬೆಲೆ ಬದಲಿಸಬೇಕು, ಇಲ್ಲವೇ ಆ ಮಾತನ್ನು ಬಿಡಬೇಕು. ನನ್ನನ್ನು ಕೇಳಿದರೆ ಮಾತನ್ನು ಬಿಡಿ. ಖಾಲಿ ಕುರ್ಚಿ ತುಂಬುತ್ತದೆ ಅಂತ ತೋರಿಸಿದರೆ ಡಾಕ್ಟರ್ 400 ಕೊಡಲು ಒಪ್ಪಬಹುದು, ಆದರೆ ಅದನ್ನು ಎಣಿಸಿ ತೋರಿಸಬೇಕು. ಎರಡು ಕ್ಲಿನಿಕ್‌ಗಳಲ್ಲಿ ನಾಲ್ಕು ವಾರ ಕೂತು, ಎಷ್ಟು ಸಮಯ ಖಾಲಿಯಾಯಿತು, ಅದರಲ್ಲಿ ಎಷ್ಟು ಮತ್ತೆ ತುಂಬಿತು ಅಂತ ಬರೆದಿಟ್ಟುಕೊಳ್ಳಲು ತಂಡದವರಿಗೆ ಹೇಳಿ.

ಇನ್ನೊಂದು ಕಾಲಂ ಪೂರ್ತಿ ಬಿಟ್ಟುಹೋಗಿದೆ. ನೀವು ಮಾತಾಡಿಸಿದ 11 ಕ್ಲಿನಿಕ್‌ಗಳಲ್ಲಿ 8 ಕಡೆ ಯಾವ ಸಾಫ್ಟ್‌ವೇರೂ ಇಲ್ಲ, ಒಂದು ನೋಟ್‌ಬುಕ್ ಇದೆ, ಒಂದು ಫೋನ್ ಇದೆ. ನಿಮ್ಮ ನಿಜವಾದ ಪ್ರತಿಸ್ಪರ್ಧಿ ಆ ನೋಟ್‌ಬುಕ್. ಅದನ್ನು ಟೇಬಲ್‌ಗೆ ತನ್ನಿ. ಹೊಸದಾಗಿ ಖರ್ಚಿಲ್ಲ, ಕಲಿಯುವಂಥದ್ದೇನೂ ಇಲ್ಲ, ನೆಟ್‌ವರ್ಕ್ ಹೋದರೂ ಕೆಲಸ ನಿಲ್ಲುವುದಿಲ್ಲ, ಈ ಮೂರರಲ್ಲೂ ನೋಟ್‌ಬುಕ್ ಗೆಲ್ಲುತ್ತದೆ ಅಂತ ಧೈರ್ಯವಾಗಿ ಬರೆಯಿರಿ. ಅದು ಸೋಲುವುದು, ಒಬ್ಬರು ಬರಲ್ಲ ಅಂದಾಗ ರಿಸೆಪ್ಷನಿಸ್ಟ್ ಎದುರಿಗೆ ನಿಂತ ರೋಗಿಗಳನ್ನು ಬಿಟ್ಟು ಒಬ್ಬೊಬ್ಬರಿಗೂ ಫೋನ್ ಮಾಡುತ್ತಾ ಕೂರಬೇಕಾದ ಜಾಗದಲ್ಲಿ. ನಿಮ್ಮ ಪ್ಲಾನ್ ಗೆಲ್ಲಬೇಕಾದ ಜಾಗವೂ ಅದೇ.

ಟೇಬಲ್ ಕೆಳಗಿನ ವಾಕ್ಯಗಳ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. 'ಬಳಸಲು ಸುಲಭ', 'ಎಲ್ಲವೂ ಒಂದೇ ಕಡೆ', 'ಗ್ರಾಹಕರೇ ನಮಗೆ ಮುಖ್ಯ'. ಇವನ್ನು ತಿರುಗಿಸಿ ಓದಿ. ನಮ್ಮದು ಬಳಸಲು ಕಷ್ಟ ಅಂತ ಯಾರಾದರೂ ಹೇಳುತ್ತಾರಾ? ಉಲ್ಟಾ ಹೇಳುವವರು ಯಾರೂ ಇಲ್ಲದ ಮಾತು ನಿಮ್ಮನ್ನು ಬೇರೆಯವರಿಂದ ಬೇರೆ ಮಾಡುವುದಿಲ್ಲ. ನಿಮ್ಮ ಹೆಸರಿನ ಜಾಗದಲ್ಲಿ ಪ್ರತಿಸ್ಪರ್ಧಿಯ ಹೆಸರು ಹಾಕಿ ಓದಿದರೂ ಆ ಪ್ಯಾರಾ ಹಾಗೇ ಕೂರುತ್ತದೆ, ನಾನು ಓದಿ ನೋಡಿದೆ.

ಅದರ ಬದಲು ಹೀಗೆ ಬರೆಯಬಹುದು: "ನೋಟ್‌ಬುಕ್ ಮತ್ತು ಫೋನ್‌ನಲ್ಲೇ ಅಪಾಯಿಂಟ್‌ಮೆಂಟ್ ನೋಡಿಕೊಳ್ಳುವ, ಒಬ್ಬರೇ ಡಾಕ್ಟರ್ ಇರುವ ದಂತ ಕ್ಲಿನಿಕ್‌ಗಳಿಗಾಗಿ. ರೋಗಿ ಬರುವುದಿಲ್ಲ ಅಂದ ಕೂಡಲೇ ಆ ಸಮಯಕ್ಕೆ ಬೇರೆಯವರನ್ನು ತಾನೇ ಹುಡುಕುತ್ತದೆ. ಹಲವು ಶಾಖೆಗಳಿರುವ ಕ್ಲಿನಿಕ್‌ಗಳಿಗೆ ಇದು ಹೊಂದುವುದಿಲ್ಲ." ಕೊನೆಯ ವಾಕ್ಯ ಬರೆಯಲು ತಂಡದವರು ಹಿಂಜರಿಯಬಹುದು. ಬಿಡಬೇಡಿ. ಯಾರನ್ನು ಬೇಡ ಅಂದಿರಿ ಅನ್ನುವುದರಿಂದಲೇ ಯಾರಿಗಾಗಿ ಮಾಡಿದ್ದೀರಿ ಅನ್ನುವುದು ನಂಬಿಕೆಗೆ ಬರುತ್ತದೆ.

ಇಷ್ಟಾದ ಮೇಲೂ ಒಂದು ಪ್ರಶ್ನೆ ಬರುತ್ತದೆ, ಇದನ್ನು ಪ್ರತಿಸ್ಪರ್ಧಿಗಳೂ ಮಾಡಿಬಿಟ್ಟರೆ? ಮಾಡಬಹುದು, ಅಂಥ ಕಷ್ಟದ ಕೆಲಸವಲ್ಲ. ಆದರೆ ತಲೆಗಿಷ್ಟು ಅಂತ ಹಣ ತೆಗೆದುಕೊಳ್ಳುವವರಿಗೆ ಇಪ್ಪತ್ತು ಜನರ ಕ್ಲಿನಿಕ್ ಮೇಲೆ ಕಣ್ಣಿರುತ್ತದೆ, ಇಬ್ಬರ ಕ್ಲಿನಿಕ್‌ಗಾಗಿ ಮೊದಲು ಕೆಲಸ ಮಾಡಲು ಅವರಿಗೆ ಅಷ್ಟು ಕಾರಣವಿಲ್ಲ. ನಿಮ್ಮನ್ನು ಸೋಲಿಸಿದ ಬೆಲೆಯ ಸಾಲಿನಲ್ಲೇ ಈ ಉತ್ತರವೂ ಇದೆ, ಅದನ್ನು ಎರಡು ವಾಕ್ಯದಲ್ಲಿ ಬರೆಯಿರಿ. ಇದು ಊಹೆ ಮಾತ್ರ, ಹಾಗಾಗಿ ಕಳೆದ ಒಂದು ವರ್ಷದಲ್ಲಿ ಅವರು ಹೊಸದಾಗಿ ಏನೇನು ಸೇರಿಸಿದ್ದಾರೆ ಅಂತ ನೋಡಿ. ಶಾಖೆಗಳಿಗೆ, ದೊಡ್ಡ ಆಸ್ಪತ್ರೆಗಳಿಗೆ ಬೇಕಾದದ್ದೇ ಜಾಸ್ತಿ ಇದ್ದರೆ ನಿಮ್ಮ ಮಾತಿಗೆ ಆಧಾರ ಸಿಕ್ಕಿತು. ಚಿಕ್ಕ ಕ್ಲಿನಿಕ್‌ಗಳಿಗೆ ಬೇಕಾದದ್ದು ಕಂಡರೆ ಆ ಎರಡು ವಾಕ್ಯವನ್ನು ಹೊಡೆದುಹಾಕಿ. ನಾಲ್ಕು ವಾರದ ಎಣಿಕೆ ಕೈಗೆ ಬಂದ ಮೇಲೆ 3ನೇ ಪುಟ, 4ನೇ ಪುಟ ಮತ್ತು ಹೊಸ ಟೇಬಲ್, ಇಷ್ಟನ್ನೇ ಕಳಿಸಿ, ಉಳಿದದ್ದನ್ನು ಆಮೇಲೆ ನೋಡೋಣ.