ಒಂದು ಮೈನಸ್ ಚಿಹ್ನೆಯ ತಕರಾರು

*"ಸರ್, ಈ ಮ್ಯಾಟ್ರಿಕ್ಸ್‌ಗೆ ಕೈಯಲ್ಲೇ ಎಸ್‌ವಿಡಿ ಮಾಡಿದೆ.*

```
    2  0
A = 2  1
    0  2
```

*AᵀA ಇಂದ V ತೆಗೆದೆ, AAᵀ ಇಂದ U ತೆಗೆದೆ. ಸಿಂಗ್ಯುಲರ್ ವ್ಯಾಲ್ಯೂ 3 ಮತ್ತು 2 ಬಂತು. ಆದರೆ UΣVᵀ ಗುಣಿಸಿದರೆ ನಡುವಿನ ಸಾಲು ಮಾತ್ರ ಸರಿ. ಮೇಲಿನದು 1.2, 1.6. ಕೆಳಗಿನದು 1.6, −1.2. ಮೂರು ಸಲ ತಿರುಗಿ ನೋಡಿದೆ, ತಪ್ಪು ಸಿಗಲಿಲ್ಲ."*
— ಬಿ.ಎಸ್ಸಿ. ವಿದ್ಯಾರ್ಥಿನಿ, ದಾವಣಗೆರೆ

ನಿಮ್ಮ ಕೂಡು-ಗುಣಿಸು ಎಲ್ಲೂ ತಪ್ಪಿಲ್ಲ. ಅದಕ್ಕೇ ಮೂರು ಸಲ ನೋಡಿದರೂ ಏನೂ ಸಿಗಲಿಲ್ಲ. ತೊಂದರೆ ಇರುವುದು U ಮತ್ತು V ಎರಡನ್ನೂ ಬೇರೆ ಬೇರೆಯಾಗಿ ತೆಗೆದದ್ದರಲ್ಲಿ.

ಒಂದು ಐಗನ್ ವೆಕ್ಟರ್ ಸಿಕ್ಕರೆ ಅದರ ಮೈನಸ್ ಕೂಡ ಐಗನ್ ವೆಕ್ಟರೇ ಅಲ್ವಾ? AᵀA ಬಿಡಿಸುವಾಗ ನೀವು ಒಂದು ಚಿಹ್ನೆ ಆರಿಸಿಕೊಂಡಿರಿ. AAᵀ ಬಿಡಿಸುವಾಗ ಇನ್ನೊಂದು. ಎರಡೂ ಸರಿ, ಆದರೆ ಜೋಡಿ ಕೂಡಲಿಲ್ಲ. ಯಾವ ಜೋಡಿ ಎಂದು ನಿಮ್ಮ ಪತ್ರವೇ ಹೇಳುತ್ತಿದೆ. ನಡುವಿನ ಸಾಲು ಕೆಡಲಿಲ್ಲ ಅಂದರೆ, ಚಿಹ್ನೆ ತಿರುಗಿದ ವೆಕ್ಟರಿನ ನಡುವಿನ ಸ್ಥಾನದಲ್ಲಿ ಸೊನ್ನೆ ಇರಬೇಕು. ಎರಡನೆಯ ಜೋಡಿ ಹಾಗೇ ಇದೆ, ಕೆಳಗೆ ಕಾಣುತ್ತದೆ.

AAᵀ ಮುಟ್ಟದೆ ಒಮ್ಮೆ ಮಾಡಿ ನೋಡೋಣ. AᵀA ಬರೀ 2×2, ಕೆಲಸವೂ ಕಡಿಮೆ.

```
AᵀA = 8  2
      2  5
```

ಕರ್ಣದ ಮೊತ್ತ 13, ಡಿಟರ್ಮಿನೆಂಟ್ 36. ಕೂಡಿದರೆ 13, ಗುಣಿಸಿದರೆ 36 ಆಗುವ ಸಂಖ್ಯೆಗಳು 9 ಮತ್ತು 4. ವರ್ಗಮೂಲ ತೆಗೆದರೆ ನಿಮ್ಮ 3 ಮತ್ತು 2. 9ಕ್ಕೆ ವೆಕ್ಟರ್ (2, 1), 4ಕ್ಕೆ (1, −2). ಎರಡರ ಉದ್ದವೂ √5, ಅದರಿಂದ ಭಾಗಿಸಿದರೆ v₁, v₂ ಸಿಕ್ಕವು. ಇಲ್ಲಿ ಯಾವ ಚಿಹ್ನೆ ಬೇಕಾದರೂ ಇಟ್ಟುಕೊಳ್ಳಿ, ಈ ಎರಡು ಜೋಡಿಗಳ ಮಟ್ಟಿಗೆ ಸ್ವಾತಂತ್ರ್ಯ ಇರುವುದು ಇಲ್ಲಿ ಮಾತ್ರ.

ಇನ್ನು U. A = UΣVᵀ ಅನ್ನುವುದನ್ನು AV = UΣ ಎಂದು ಬರೆದು ಒಂದೊಂದೇ ಕಂಬಸಾಲು ನೋಡಿ. Av₁ = 3u₁, Av₂ = 2u₂. ಅಂದರೆ v ಕೈಗೆ ಬಂದ ಮೇಲೆ u ಆರಿಸಿಕೊಳ್ಳುವ ಮಾತೇ ಇಲ್ಲ. A ಯಿಂದ ಗುಣಿಸಿ, ಸಿಂಗ್ಯುಲರ್ ವ್ಯಾಲ್ಯೂ σ ಇಂದ ಭಾಗಿಸಿದರೆ ಮುಗಿಯಿತು. √5 ಅನ್ನು ಕೊನೆಯವರೆಗೂ ಹೊರಗೇ ಇಡಿ, ಲೆಕ್ಕ ಹಗುರಾಗುತ್ತದೆ. (2, 1)ಕ್ಕೆ A ಹಚ್ಚಿದರೆ (4, 5, 2). (1, −2)ಕ್ಕೆ ಹಚ್ಚಿದರೆ (2, 0, −4). ಹಾಗಾಗಿ

```
u₁ = (4, 5, 2) / (3√5)
u₂ = (1, 0, −2) / √5
```

u₂ ನಡುವಿನ ಆ ಸೊನ್ನೆ ಕಂಡಿತಾ? ನೀವು AAᵀ ಇಂದ ತೆಗೆದದ್ದು ಬಹುಶಃ (−1, 0, 2). ಅದೂ 4ರ ಐಗನ್ ವೆಕ್ಟರೇ, ಆದರೆ ಈ v₂ಗೆ ಹೊಂದುವುದಿಲ್ಲ.

u₃ಗೆ ಮಾತ್ರ ಈ ದಾರಿ ಇಲ್ಲ, ಯಾಕೆಂದರೆ ಅದಕ್ಕೆ ಜೊತೆಯ v ಇಲ್ಲ. A ಯ ಎರಡೂ ಕಂಬಸಾಲುಗಳಿಗೆ ಲಂಬವಾದ ವೆಕ್ಟರ್ ಹುಡುಕಬೇಕು. (2, −2, 1) ಸಿಗುತ್ತದೆ, ಉದ್ದ 3. Σ ಮಾತ್ರ A ಯಷ್ಟೇ ಅಳತೆಯದು, 3×2. ಮೇಲೆ 3 ಮತ್ತು 2 ಕರ್ಣದಲ್ಲಿ, ಕೆಳಗೆ ಸೊನ್ನೆಯ ಸಾಲು. ಆ ಸೊನ್ನೆಯ ಸಾಲು u₃ಗೇ ತಾಗುವುದರಿಂದ ಅದರ ಚಿಹ್ನೆ ಹೇಗಿದ್ದರೂ ಉತ್ತರ ಕೆಡುವುದಿಲ್ಲ.

ತಾಳೆ ನೋಡುವ ವಿಷಯದಲ್ಲಿ ಒಂದು ಎಚ್ಚರ. A ಯ ಎಲ್ಲ ಸಂಖ್ಯೆಗಳ ವರ್ಗ ಕೂಡಿದರೆ 4+4+1+4 = 13, ಅದು 9+4ಕ್ಕೆ ಸಮ ಇರಬೇಕು ಎಂದು ತುಂಬಾ ಜನ ಹೇಳಿಕೊಡುತ್ತಾರೆ. ಸರಿಯಾದ ಪರೀಕ್ಷೆಯೇ, ಆದರೆ ಇದು σ ತಪ್ಪಿದ್ದರೆ ಹಿಡಿಯುತ್ತದೆ ಅಷ್ಟೇ. ನಿಮ್ಮ ತಪ್ಪು ಉತ್ತರದ ವರ್ಗಗಳನ್ನೂ ಕೂಡಿ ನೋಡಿ, ಆಗಲೂ 13 ಬರುತ್ತದೆ. u ಗಳು ಒಂದಕ್ಕೊಂದು ಲಂಬವೇ ಎಂದು ನೋಡಿದರೂ ಚಿಹ್ನೆಯ ತಪ್ಪು ತಪ್ಪಿಸಿಕೊಳ್ಳುತ್ತದೆ. ಅದನ್ನು ಹಿಡಿಯಬೇಕೆಂದರೆ Av₂ ಮತ್ತು 2u₂ ಅಕ್ಕಪಕ್ಕ ಬರೆದು ನೋಡಬೇಕು.

ಎರಡು σ ಒಂದೇ ಬಂದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ಆಗ AAᵀ ಇಂದ ಬರುವ ಜೋಡಿ ಚಿಹ್ನೆಯಲ್ಲಷ್ಟೇ ಅಲ್ಲ, ದಿಕ್ಕಿನಲ್ಲೇ ಬೇರೆ ಇರಬಹುದು. ಮೈನಸ್ ಹಾಕಿ ಸರಿಮಾಡಲು ಆಗುವುದಿಲ್ಲ. Av ಯನ್ನು σ ಇಂದ ಭಾಗಿಸುವ ದಾರಿ ಆಗಲೂ ನಡೆಯುತ್ತದೆ. σ ಸೊನ್ನೆ ಆದಾಗ ಮಾತ್ರ ಭಾಗಿಸಲಾಗದು, ಅಲ್ಲಿ u₃ ಹುಡುಕಿದ ಹಾಗೆ ಲಂಬ ವೆಕ್ಟರ್ ಹುಡುಕಿಕೊಳ್ಳಿ.

ಪುಸ್ತಕದ ಉತ್ತರದಲ್ಲಿ u₂, v₂ ಎರಡರ ಚಿಹ್ನೆಯೂ ನಿಮ್ಮದಕ್ಕಿಂತ ಉಲ್ಟಾ ಇದ್ದರೆ ಹೆದರಬೇಡಿ, ಎರಡೂ ಸರಿ. ಒಂದೇ ಉಲ್ಟಾ ಇದ್ದರೆ, ನಿಮ್ಮ v₂ ಅನ್ನು A ಯಿಂದ ಗುಣಿಸಿ 2u₂ ಬರುತ್ತದೆಯೇ ಎಂದು ಮತ್ತೆ ನೋಡಿ.