ಮುಟ್ಟು ಬೇಗ ಬಂತು, ಮಗಳ ಎತ್ತರ ಇಲ್ಲಿಗೇ ನಿಂತುಬಿಡುತ್ತಾ?

ಪ್ರಶ್ನೆ: ಮೇಡಂ, ನನ್ನ ಮಗಳು ಹತ್ತು ವರ್ಷ ಎಂಟು ತಿಂಗಳಿಗೇ ದೊಡ್ಡವಳಾದಳು. ಈಗ 146 ಸೆಂ.ಮೀ. ಇದ್ದಾಳೆ, ಕ್ಲಾಸಿನಲ್ಲಿ ಅವಳೇ ಎಲ್ಲರಿಗಿಂತ ಎತ್ತರ. ಆದರೆ ಮುಟ್ಟು ಶುರುವಾದ ಮೇಲೆ ಇನ್ನು ಬೆಳೆಯಲ್ಲ ಅಂತ ಎಲ್ಲರೂ ಹೇಳುತ್ತಿದ್ದಾರೆ. ನಾನು 156, ಅವಳಪ್ಪ 172. ನಮ್ಮಕ್ಕನ ಮಗಳು 14ಕ್ಕೆ ದೊಡ್ಡವಳಾದವಳು, ಈಗ 162 ಇದ್ದಾಳೆ. ಇಂಜೆಕ್ಷನ್ ಕೊಟ್ಟು ಮುಟ್ಟು ಮುಂದಕ್ಕೆ ಹಾಕಿದರೆ ಎತ್ತರ ಸಿಗುತ್ತಂತೆ, ನಿಜವಾ?

ಉತ್ತರ: ನಿಮ್ಮ ಮಗಳು ಇನ್ನೂ ಬೆಳೆಯುತ್ತಾಳೆ. ನನ್ನ ಅಂದಾಜಿನಲ್ಲಿ ಇನ್ನೂ ಏಳೆಂಟು ಸೆಂಟಿಮೀಟರ್, ಅಂದರೆ ಹತ್ತಿರ ಹತ್ತಿರ 3 ಇಂಚು. ಇಂಜೆಕ್ಷನ್ ಅವಳಿಗೆ ಬೇಡ. ಇದನ್ನು ಯಾವ ಲೆಕ್ಕದ ಮೇಲೆ ಹೇಳುತ್ತಿದ್ದೇನೆ ಅಂತ ಬಿಡಿಸಿ ಹೇಳುತ್ತೇನೆ.

ಮೊದಲು ಒಂದು ತಪ್ಪು ತಿಳಿವಳಿಕೆ ಸರಿ ಮಾಡಿಕೊಳ್ಳೋಣ. ಮುಟ್ಟು ಎತ್ತರವನ್ನು ನಿಲ್ಲಿಸುವುದಿಲ್ಲ. ರಕ್ತಸ್ರಾವಕ್ಕೂ ಮೂಳೆಗೂ ನೇರ ಸಂಬಂಧವೇ ಇಲ್ಲ. ಎರಡನ್ನೂ ನಡೆಸುವುದು ಈಸ್ಟ್ರೋಜನ್ ಅನ್ನುವ ಒಂದೇ ಹಾರ್ಮೋನು. ಉದ್ದ ಮೂಳೆಗಳ ತುದಿಯಲ್ಲಿ ಗ್ರೋತ್ ಪ್ಲೇಟ್ ಅಂತ ಒಂದು ಮೆತ್ತನೆಯ ಪದರ ಇರುತ್ತದೆ. ಎತ್ತರ ಬೆಳೆಯುವುದೆಲ್ಲ ಅಲ್ಲೇ. ಈಸ್ಟ್ರೋಜನ್ ಸ್ವಲ್ಪ ಇದ್ದಾಗ ಈ ಪದರ ಚುರುಕಾಗುತ್ತದೆ, ಹುಡುಗಿ ಸರಸರ ಬೆಳೆಯುತ್ತಾಳೆ. ಅದೇ ಈಸ್ಟ್ರೋಜನ್ ಜಾಸ್ತಿಯಾಗಿ ವರ್ಷಗಟ್ಟಲೆ ಉಳಿದಾಗ ಪದರ ಸವೆದು, ಕೊನೆಗೆ ಗಟ್ಟಿ ಮೂಳೆಯಾಗಿ ಮುಚ್ಚಿಹೋಗುತ್ತದೆ. ಇದು ಗಂಡಸರಿಗೂ ಅಷ್ಟೇ ನಿಜ. 1994ರಲ್ಲಿ ವೈದ್ಯರು ಒಬ್ಬ ಗಂಡಸಿನ ವಿವರ ಪ್ರಕಟಿಸಿದರು. ಅವನ ದೇಹಕ್ಕೆ ಈಸ್ಟ್ರೋಜನ್ ನಾಟುತ್ತಲೇ ಇರಲಿಲ್ಲ. 28 ವರ್ಷವಾದರೂ ಅವನ ಗ್ರೋತ್ ಪ್ಲೇಟ್ ಮುಚ್ಚಿರಲಿಲ್ಲ. 204 ಸೆಂ.ಮೀ. ಎತ್ತರವಿದ್ದು ಇನ್ನೂ ಬೆಳೆಯುತ್ತಲೇ ಇದ್ದ.

ಹಾಗಾದರೆ ಮೊದಲ ಮುಟ್ಟು ಏನನ್ನು ಹೇಳುತ್ತದೆ? ಬೆಳವಣಿಗೆಯ ಜೋರು ಮುಗಿಯುತ್ತಾ ಬಂತು ಅಂತ ಹೇಳುತ್ತದೆ, ಅಷ್ಟೇ. ಹುಡುಗಿಯರಲ್ಲಿ ಎದೆ ಗಂಟು ಕಾಣಿಸಿಕೊಂಡ ಮೇಲೆ ಸಾಮಾನ್ಯವಾಗಿ ಎರಡು, ಎರಡೂವರೆ ವರ್ಷಕ್ಕೆ ಮುಟ್ಟು ಬರುತ್ತದೆ. ವರ್ಷಕ್ಕೆ 8 ಸೆಂ.ಮೀ. ಆಸುಪಾಸು ಬೆಳೆಯುವ ಆ ಭರಾಟೆ ಇರುವುದು ಮುಟ್ಟಿಗೆ ಆರು ತಿಂಗಳು, ಒಂದು ವರ್ಷ ಮೊದಲು. ನಿಮಗೆ ಮುಟ್ಟು ಕಣ್ಣಿಗೆ ಬೀಳುವ ಹೊತ್ತಿಗೆ ಆ ಭರಾಟೆ ಆಗಲೇ ಇಳಿಯುತ್ತಿರುತ್ತದೆ. ಅದಕ್ಕೇ ಮುಟ್ಟು ಬಂತು, ಬೆಳವಣಿಗೆ ನಿಂತಿತು ಅಂತ ಜನಕ್ಕೆ ಅನ್ನಿಸುವುದು. ನಿಜ ಹೇಳಬೇಕೆಂದರೆ ಮೊದಲ ಮುಟ್ಟಿನ ಹೊತ್ತಿಗೆ ಹುಡುಗಿ ತನ್ನ ಕೊನೆಯ ಎತ್ತರದ ಸುಮಾರು ಶೇಕಡಾ 95ರಷ್ಟು ಬೆಳೆದಿರುತ್ತಾಳೆ. ಉಳಿದ ಶೇಕಡಾ 5 ನಿಧಾನವಾಗಿ, ಎರಡು ಮೂರು ವರ್ಷಗಳಲ್ಲಿ ಬರುತ್ತದೆ.

ಆ ಉಳಿದ ಪಾಲು ಎಲ್ಲರಿಗೂ ಒಂದೇ ಅಲ್ಲ. ಹೆಚ್ಚಿನವರಿಗೆ 5ರಿಂದ 7 ಸೆಂ.ಮೀ. ಸಿಗುತ್ತದೆ. ಹತ್ತರ ಆಸುಪಾಸಿನಲ್ಲೇ ದೊಡ್ಡವಳಾದವಳಿಗೆ 8, 9, ಕೆಲವೊಮ್ಮೆ 10 ಸೆಂ.ಮೀ. ಕೂಡ ಉಳಿದಿರಬಹುದು. ಹದಿನೈದಕ್ಕೆ ಆದವಳಿಗೆ ನಾಲ್ಕೈದೇ ಇರಬಹುದು. ನಾನು ಹೊಸದಾಗಿ ಕೆಲಸ ಶುರುಮಾಡಿದ ದಿನಗಳಲ್ಲಿ ಹತ್ತು ವರ್ಷದ ಒಬ್ಬ ಹುಡುಗಿಯ ತಾಯಿಗೆ "ಇನ್ನು ಎರಡು ಇಂಚು, ಅಷ್ಟೇ" ಅಂತ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದೆ. ಆಮೇಲೆ ಆ ಮಗು ನಾಲ್ಕು ಇಂಚು ಬೆಳೆಯಿತು. ನನ್ನ ಮಾತು ನಂಬಿ ಆ ತಾಯಿ ವರ್ಷವಿಡೀ ಕೊರಗಿದ್ದು ನೆನೆದರೆ ಇವತ್ತಿಗೂ ಬೇಸರವಾಗುತ್ತದೆ. ಅಂದಿನಿಂದ ಒಂದೇ ಸಂಖ್ಯೆ ಹೇಳುವುದನ್ನು ಬಿಟ್ಟಿದ್ದೇನೆ.

ಬೇಗ ದೊಡ್ಡವಳಾದವಳಿಗೆ ಮುಂದೆ ಜಾಸ್ತಿ ಉಳಿದಿದ್ದರೂ ಕೊನೆಗೆ ಅವಳೇ ಸ್ವಲ್ಪ ಗಿಡ್ಡ ಆಗುವುದು ಯಾಕೆ ಅಂತ ನೀವು ಕೇಳಬಹುದು. ನಿಮ್ಮ ಮಗಳನ್ನೂ ಅಕ್ಕನ ಮಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಇದು ಅರ್ಥವಾಗುತ್ತದೆ. ಎದೆ ಗಂಟು ಕಾಣಿಸುವ ಮುಂಚಿನ ವರ್ಷಗಳಲ್ಲಿ ಮಕ್ಕಳು ವರ್ಷಕ್ಕೆ 5ರಿಂದ 6 ಸೆಂ.ಮೀ. ಸದ್ದಿಲ್ಲದೆ ಬೆಳೆಯುತ್ತಿರುತ್ತಾರೆ. ಅಕ್ಕನ ಮಗಳಿಗೆ ಅಂಥ ಮೂರು ವರ್ಷ ಜಾಸ್ತಿ ಸಿಕ್ಕಿತು. ಬರೀ ಅದನ್ನೇ ಎಣಿಸಿದರೆ ಅವಳು 15 ಸೆಂ.ಮೀ. ಮುಂದಿರಬೇಕಿತ್ತು. ಆದರೆ ದೇಹ ಹಾಗೆ ಬಿಡುವುದಿಲ್ಲ. ಬೇಗ ಶುರುವಾದವರಿಗೆ ಬೆಳವಣಿಗೆಯ ಭರಾಟೆ ಜೋರಾಗಿರುತ್ತದೆ, ಮುಟ್ಟಾದ ಮೇಲೆ ಸಿಗುವ ಪಾಲೂ ದೊಡ್ಡದು. ಹೀಗೆ ಕೊರತೆಯ ಬಹುಪಾಲು ತುಂಬಿಹೋಗುತ್ತದೆ. ಸಾವಿರಾರು ಹೆಂಗಸರನ್ನು ಅಳೆದು ನೋಡಿದ ದೊಡ್ಡ ಅಧ್ಯಯನಗಳಲ್ಲಿ ಮುಟ್ಟು ಒಂದು ವರ್ಷ ತಡವಾದರೆ ಕೊನೆಯ ಎತ್ತರ ಸರಾಸರಿ ಸೆಂಟಿಮೀಟರಿನ ಮೂರನೇ ಒಂದು ಭಾಗದಷ್ಟೇ ಹೆಚ್ಚಾಗಿದೆ. ಮೂರು ವರ್ಷಕ್ಕೆ ಒಂದು ಸೆಂಟಿಮೀಟರ್ ಅಂದುಕೊಳ್ಳಿ. ಅಕ್ಕನ ಮಗಳು 162 ಇರುವುದಕ್ಕೆ ಹೆಚ್ಚಿನ ಕಾರಣ ಅವಳ ಅಪ್ಪ ಅಮ್ಮನ ಎತ್ತರವೇ ಇರಬೇಕು, ಮುಟ್ಟಿನ ವಯಸ್ಸಲ್ಲ. ಒಂಬತ್ತಕ್ಕೂ ಮೊದಲೇ ಮುಟ್ಟಾದ ಮಕ್ಕಳ ಮಾತು ಬೇರೆ. ಅವರಲ್ಲಿ ನಷ್ಟ ಇದಕ್ಕಿಂತ ದೊಡ್ಡದಾಗಬಹುದು.

ಈಗ ನಿಮ್ಮ ಮಗಳ ಲೆಕ್ಕ ಮಾಡೋಣ. ಅಪ್ಪನ ಎತ್ತರಕ್ಕೆ ಅಮ್ಮನದು ಕೂಡಿಸಿ, ಹುಡುಗಿಯಾದ್ದರಿಂದ 13 ಕಳೆದು, ಎರಡರಿಂದ ಭಾಗಿಸಬೇಕು. 172 ಮತ್ತು 156 ಸೇರಿ 328. 13 ಕಳೆದರೆ 315. ಅರ್ಧ ಮಾಡಿದರೆ 157.5. ಇದಕ್ಕೆ ಎಂಟೂವರೆ ಸೆಂ.ಮೀ. ಹಿಂದೆ ಮುಂದೆ, ಅಂದರೆ 149ರಿಂದ 166ರವರೆಗೆ, ನಿಮ್ಮ ಮನೆತನಕ್ಕೆ ಒಪ್ಪುವ ಎತ್ತರ. ಇನ್ನೊಂದು ದಾರಿಯಲ್ಲೂ ನೋಡಿ. 146 ಅನ್ನುವುದು ಕೊನೆಯ ಎತ್ತರದ ಶೇಕಡಾ 95 ಆಗಿದ್ದರೆ, ಪೂರ್ತಿ ಎತ್ತರ 154ರ ಹತ್ತಿರ ಬರುತ್ತದೆ. ಅವಳು ಬೇಗ ದೊಡ್ಡವಳಾದ್ದರಿಂದ ಇನ್ನೊಂದೆರಡು ಸೆಂ.ಮೀ. ಜಾಸ್ತಿಯಾದರೂ ಆಶ್ಚರ್ಯವಿಲ್ಲ. ಹೇಗೆ ನೋಡಿದರೂ ನಿಮ್ಮ ಎತ್ತರದ ಆಸುಪಾಸಿಗೇ ಬರುತ್ತಾಳೆ. ಈಗ ಕ್ಲಾಸಿನಲ್ಲಿ ಅವಳೇ ಎತ್ತರ, ಆದರೆ ಇನ್ನು ಎರಡು ವರ್ಷದಲ್ಲಿ ಒಬ್ಬೊಬ್ಬರಾಗಿ ಗೆಳತಿಯರು ಅವಳನ್ನು ದಾಟಬಹುದು. ಅದನ್ನು ಅವಳಿಗೆ ಈಗಲೇ ಹೇಳಿಟ್ಟಿರಿ. ಆಗ ಗಾಬರಿಯಾಗುವುದಿಲ್ಲ.

ಇಂಜೆಕ್ಷನ್ ವಿಷಯ. ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಕೊಡುವ ಈ ಔಷಧ ನಿಜವಾದದ್ದೇ, ಮೋಸವಲ್ಲ. ಮಿದುಳಿನಿಂದ ಅಂಡಾಶಯಕ್ಕೆ ಹೋಗುವ ಸೂಚನೆಯನ್ನು ಅದು ತಡೆಹಿಡಿಯುತ್ತದೆ. ಆದರೆ ಅದು ಇರುವುದು ಎಂಟು ವರ್ಷಕ್ಕೂ ಮೊದಲೇ ಎದೆ ಬೆಳೆಯತೊಡಗಿದ ಮಕ್ಕಳಿಗೆ. ಆರಕ್ಕಿಂತ ಮೊದಲು ಶುರುಮಾಡಿದವರಿಗೆ ಎತ್ತರದಲ್ಲಿ ಒಳ್ಳೆಯ ಲಾಭ ಸಿಗುತ್ತದೆ. ಆರರಿಂದ ಎಂಟರ ನಡುವಿನವರಲ್ಲಿ ಮಗು ನೋಡಿ ತೀರ್ಮಾನ ಮಾಡಬೇಕು. ನಿಮ್ಮ ಮಗಳಂತೆ ಹತ್ತು ದಾಟಿ ಮುಟ್ಟಾದವಳಲ್ಲಿ ಗ್ರೋತ್ ಪ್ಲೇಟಿನ ಬಹುಪಾಲು ಕೆಲಸ ಮುಗಿದಿದೆ. ಈಗ ಈಸ್ಟ್ರೋಜನ್ ನಿಲ್ಲಿಸಿದರೆ ಮುಚ್ಚುವುದು ತಡವಾಗುತ್ತದೆ ನಿಜ, ಆದರೆ ಬೆಳೆಯುವ ವೇಗವೂ ಜೊತೆಗೇ ಇಳಿಯುತ್ತದೆ. ಕೈಗೆ ಉಳಿಯುವುದು ಏನೂ ಇಲ್ಲ. ಎತ್ತರ ಹೆಚ್ಚಿಸುವ ಪುಡಿ, ಜೋತಾಡುವ ವ್ಯಾಯಾಮ ಇವುಗಳಿಂದಲೂ ಗ್ರೋತ್ ಪ್ಲೇಟ್ ಬದಲಾಗುವುದಿಲ್ಲ. ಸುಮ್ನೆ ದುಡ್ಡು ಹಾಕಬೇಡಿ.

ಕೆಲವರು ಕೈಯ ಎಕ್ಸ್‌ರೇ ತೆಗೆಸಿ ಅನ್ನುತ್ತಾರೆ. ಎಡಗೈ ಮತ್ತು ಮಣಿಕಟ್ಟಿನ ಒಂದೇ ಚಿತ್ರ ಸಾಕು. ಬೆರಳಿನ ಮೂಳೆಗಳ ಬುಡದಲ್ಲಿ, ಮಣಿಕಟ್ಟಿನ ಹತ್ತಿರ ಕಪ್ಪು ಗೆರೆಯಂತೆ ಕಾಣುವ ಸಂದುಗಳೇ ಮುಚ್ಚದೆ ಉಳಿದ ಗ್ರೋತ್ ಪ್ಲೇಟ್. ಅವುಗಳನ್ನು ಮಾದರಿ ಚಿತ್ರಗಳ ಜೊತೆ ಹೋಲಿಸಿ ಮೂಳೆಯ ವಯಸ್ಸು ಹೇಳುತ್ತೇವೆ. ಮೊದಲ ಮುಟ್ಟಿನ ಹೊತ್ತಿಗೆ ಹುಡುಗಿಯ ವಯಸ್ಸು ಹತ್ತಿರಲಿ, ಹದಿನಾಲ್ಕಿರಲಿ, ಮೂಳೆಯ ವಯಸ್ಸು ಹೆಚ್ಚಾಗಿ 13ರ ಆಸುಪಾಸೇ ಇರುತ್ತದೆ. ಹಾಗಾಗಿ ನಿಮ್ಮ ಮಗಳಿಗೆ ಎಕ್ಸ್‌ರೇಯಿಂದ ಹೊಸದೇನೂ ತಿಳಿಯುವುದಿಲ್ಲ ಅಂತ ನನ್ನ ಅಭಿಪ್ರಾಯ.

ಅದಕ್ಕಿಂತ ಉಪಯೋಗಕ್ಕೆ ಬರುವುದು ಹಳೆಯ ಅಳತೆಗಳು. ಶಾಲೆಯ ಆರೋಗ್ಯ ಕಾರ್ಡಿನಲ್ಲೋ, ಮನೆಯ ಬಾಗಿಲ ಚೌಕಟ್ಟಿನ ಪೆನ್ಸಿಲ್ ಗೆರೆಯಲ್ಲೋ ಕಳೆದ ಎರಡು ವರ್ಷದ ಎತ್ತರ ಸಿಗುತ್ತಾ ನೋಡಿ. ಮುಟ್ಟಿಗೆ ಹಿಂದಿನ ವರ್ಷ ಅವಳು ಏಳೆಂಟು ಸೆಂ.ಮೀ. ಜಿಗಿದಿದ್ದರೆ ಎಲ್ಲ ಸರಿಯಾಗಿ ನಡೆದಿದೆ. ಜಿಗಿಯದೆ ವರ್ಷಕ್ಕೆ ಮೂರೋ ನಾಲ್ಕೋ ಸೆಂ.ಮೀ. ಅಷ್ಟೇ ಬೆಳೆದು, ಹಾಗಿದ್ದೂ ಬೇಗ ಮುಟ್ಟು ಬಂದಿದ್ದರೆ ನನಗೆ ಅನುಮಾನ ಬರುತ್ತದೆ. ಥೈರಾಯ್ಡ್ ತೀರಾ ಕಡಿಮೆಯಾದಾಗ ಹೀಗಾಗುವುದುಂಟು: ಮುಟ್ಟು ಬೇಗ, ಬೆಳವಣಿಗೆ ಮಂದ. ಅಪರೂಪ, ಆದರೆ ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಮಾತ್ರೆಯಲ್ಲಿ ಸರಿಹೋಗುತ್ತದೆ. ಎದೆ ಗಂಟು ಎಂಟಕ್ಕೂ ಮೊದಲೇ ಕಾಣಿಸಿತ್ತು ಅಂತ ನಿಮಗೆ ನೆನಪಿದ್ದರೂ ಒಮ್ಮೆ ಮಕ್ಕಳ ಹಾರ್ಮೋನ್ ತಜ್ಞರಿಗೆ ತೋರಿಸಿ.

ಇನ್ನು ಮುಂದೆ ಆರು ತಿಂಗಳಿಗೊಮ್ಮೆ ಅಳೆಯಿರಿ. ಬರಿಗಾಲು, ಹಿಮ್ಮಡಿ ಗೋಡೆಗೆ ತಾಗಿರಬೇಕು, ಕಣ್ಣು ನೇರಕ್ಕೆ, ಜಡೆ ಬಿಚ್ಚಿರಬೇಕು. ತಲೆಯ ಮೇಲೆ ಗಟ್ಟಿ ರಟ್ಟಿನ ಪುಸ್ತಕ ಇಟ್ಟು, ಅದರ ಅಂಚು ಗೋಡೆಗೆ ಪೂರ್ತಿ ಒತ್ತಿದ ಮೇಲೆ ಗೆರೆ ಎಳೆಯಿರಿ. ಪ್ರತಿ ಸಲವೂ ಬೆಳಗ್ಗೆಯೇ ಅಳೆಯಿರಿ. ಸಂಜೆ ಹೊತ್ತಿಗೆ ಬೆನ್ನುಮೂಳೆ ಕುಗ್ಗಿ ಎಲ್ಲರೂ ಒಂದು ಸೆಂಟಿಮೀಟರಿನಷ್ಟು ಗಿಡ್ಡವಾಗುತ್ತಾರೆ. ಅಷ್ಟು ವ್ಯತ್ಯಾಸ ಸಾಕು, ಆರು ತಿಂಗಳ ಬೆಳವಣಿಗೆಯ ಅರ್ಧ ಮಾಯವಾದಂತೆ ಕಾಣುತ್ತದೆ.

ಮೊದಲ ವರ್ಷ ನಾಲ್ಕೈದು, ಎರಡನೆಯ ವರ್ಷ ಎರಡು, ಮೂರನೆಯ ವರ್ಷ ಒಂದು ಸೆಂ.ಮೀ. ಬಂದರೆ ಲೆಕ್ಕ ಸರಿಯಾಗಿದೆ. ಈ ಹಂತದಲ್ಲಿ ಪಾದ ಎಲ್ಲಕ್ಕಿಂತ ಮೊದಲು ನಿಲ್ಲುತ್ತದೆ, ಆಮೇಲೆ ಕಾಲು, ಕೊನೆಗೆ ಬೆನ್ನು. ಹೀಗಾಗಿ ಚಪ್ಪಲಿ ನಂಬರ್ ಬದಲಾಗದಿದ್ದರೆ, ಪ್ಯಾಂಟು ಕಣಕಾಲಿಗೆ ಸರಿಯಾಗೇ ಇದ್ದರೆ ಬೆಳವಣಿಗೆ ನಿಂತಿತು ಅಂತ ಅಂದುಕೊಳ್ಳಬೇಡಿ. ಅದೇ ಹೊತ್ತಿಗೆ ಅಂಗಿ ಸೊಂಟದ ಹತ್ತಿರ ಗಿಡ್ಡವಾಗುತ್ತಿದ್ದರೆ ಅವಳು ಇನ್ನೂ ಬೆಳೆಯುತ್ತಿದ್ದಾಳೆ. ಮೊದಲ ಆರು ತಿಂಗಳಲ್ಲೇ ಒಂದು ಸೆಂಟಿಮೀಟರೂ ಏರದಿದ್ದರೆ, ಆ ಗೆರೆಗಳ ಅಳತೆ ಬರೆದುಕೊಂಡು ವೈದ್ಯರ ಬಳಿ ಹೋಗಿ. ಎಕ್ಸ್‌ರೇ ಆಗ ಕೆಲಸಕ್ಕೆ ಬರುತ್ತದೆ.