ಸಹ-ಸ್ಥಾಪಕರು ಕಂಪನಿ ಬಿಡುವಾಗ: ರಾಜೀನಾಮೆ ಕೊಟ್ಟರೆ ಷೇರೂ ಹೋಗುತ್ತದೆಯೇ?

ಪ್ರಶ್ನೆ: ಮೂವರು ಸೇರಿ ಕಟ್ಟಿದ ಸ್ಟಾರ್ಟಪ್‌ನಿಂದ ನಾನು ಹೊರಬರುತ್ತಿದ್ದೇನೆ. ಜಗಳವೇನೂ ಇಲ್ಲ. ನನ್ನ ಹೆಸರಿನಲ್ಲಿ 48,000 ಷೇರುಗಳಿವೆ. ನಾಲ್ಕು ವರ್ಷದ ವೆಸ್ಟಿಂಗ್, ಅಂದರೆ ಕೆಲಸ ಮಾಡಿದಷ್ಟು ಕಾಲಕ್ಕೆ ತಕ್ಕಂತೆ ಷೇರು ಖಾಯಂ ನನ್ನದಾಗುತ್ತಾ ಹೋಗುತ್ತದೆ. ಮೊದಲ ವರ್ಷ ಕ್ಲಿಫ್, ಅಂದರೆ ವರ್ಷ ತುಂಬುವ ಮೊದಲೇ ಬಿಟ್ಟರೆ ಒಂದೂ ದಕ್ಕುವುದಿಲ್ಲ. ಈಗ 30 ತಿಂಗಳು ತುಂಬಿವೆ. ಕಂಪನಿಯ ಬ್ಯಾಂಕ್ ಸಾಲಕ್ಕೆ ನನ್ನ ಜಾಮೀನೂ ಇದೆ. "ಎರಡು ಸಾಲಿನ ರಾಜೀನಾಮೆ ಕಳಿಸಿಬಿಡು, ಸಾಕು" ಎನ್ನುತ್ತಿದ್ದಾರೆ. ಸಾಕೇ?

ಉತ್ತರ: ಸಾಲದು. ನೀವು ಅಲ್ಲಿ ಉದ್ಯೋಗಿ, ಬಹುಶಃ ನಿರ್ದೇಶಕ, ಜೊತೆಗೆ ಷೇರುದಾರ. ರಾಜೀನಾಮೆಯಿಂದ ಮೊದಲ ಎರಡು ಮಾತ್ರ ಕೊನೆಯಾಗುತ್ತವೆ. ಅದನ್ನೂ ಪತ್ರದಲ್ಲಿ ಬೇರೆ ಬೇರೆಯಾಗಿ ಬರೆಯಬೇಕು. ಕೆಲಸ ಬಿಟ್ಟು ನಿರ್ದೇಶಕ ಸ್ಥಾನದ ಮಾತೆತ್ತದಿದ್ದರೆ ಸರ್ಕಾರಿ ದಾಖಲೆಯಲ್ಲಿ ನೀವು ನಿರ್ದೇಶಕರಾಗಿಯೇ ಇರುತ್ತೀರಿ. ಆಮೇಲೆ ಕಂಪನಿ ಲೆಕ್ಕಪತ್ರ ಸಲ್ಲಿಸದಿದ್ದರೆ ನೋಟಿಸ್ ನಿಮಗೂ ಬರಬಹುದು. ಷೇರುಗಳಂತೂ ಯಾವ ರಾಜೀನಾಮೆಯಿಂದಲೂ ಕದಲುವುದಿಲ್ಲ.

ಷೇರಿನ ಲೆಕ್ಕ ನಿಂತಿರುವುದು ಒಂದು ದಿನಾಂಕದ ಮೇಲೆ. 48,000 ಷೇರು 48 ತಿಂಗಳಿಗೆ ಹಂಚಿದರೆ ತಿಂಗಳಿಗೆ 1,000. ಕ್ಲಿಫ್ ದಾಟಿರುವುದರಿಂದ ಮೊದಲ ವರ್ಷದ 12,000 ಆಗಲೇ ಸೇರಿಕೊಂಡಿವೆ. 30 ತಿಂಗಳಿಗೆ 30,000 ನಿಮ್ಮವು, ಉಳಿದ 18,000 ಹಿಂತಿರುಗಿಸಬೇಕಾದವು. ಆದರೆ ಯಾವ ದಿನಕ್ಕೆ 30 ತಿಂಗಳು? ಪತ್ರ ಕೊಟ್ಟ ದಿನಕ್ಕೋ, ನೋಟಿಸ್ ಅವಧಿ ಮುಗಿದ ದಿನಕ್ಕೋ? ಎರಡು ತಿಂಗಳ ನೋಟಿಸ್ ಇದ್ದರೆ 2,000 ಷೇರಿನ ವ್ಯತ್ಯಾಸ. "ತಕ್ಷಣದಿಂದ ಜಾರಿಗೆ ಬರುವಂತೆ" ಎಂದು ಅಭ್ಯಾಸಬಲದಿಂದ ಬರೆದವರು ಅಷ್ಟನ್ನೂ ಬಿಟ್ಟುಕೊಟ್ಟಂತಾಗುತ್ತದೆ. ನಿಮ್ಮ ಒಪ್ಪಂದ ಯಾವ ದಿನವನ್ನು ಹಿಡಿಯುತ್ತದೆಂದು ನೋಡಿ, ಆ ದಿನಾಂಕವನ್ನೂ ಎರಡೂ ಷೇರು ಸಂಖ್ಯೆಗಳನ್ನೂ ಪತ್ರದಲ್ಲೇ ನಮೂದಿಸಿ. ಸ್ವಇಚ್ಛೆಯಿಂದ ಹೊರಡುತ್ತಿದ್ದೀರೋ, ಶಿಸ್ತುಕ್ರಮದಿಂದಲೋ ಎಂಬುದೂ ಸ್ಪಷ್ಟವಾಗಿರಲಿ. ಎರಡನೆಯದಾದರೆ ವೆಸ್ಟ್ ಆದ ಷೇರನ್ನೂ ಅಗ್ಗಕ್ಕೆ ವಾಪಸ್ ಪಡೆಯುವ ಷರತ್ತು ಕೆಲವು ಒಪ್ಪಂದಗಳಲ್ಲಿರುತ್ತದೆ.

ಆ 18,000 ಷೇರುಗಳು ಸಾಮಾನ್ಯವಾಗಿ ನೀವು ಕೊಟ್ಟ ಮೂಲ ಬೆಲೆಗೇ ಹಿಂದಿರುಗುತ್ತವೆ. ಕಂಪನಿ ತನ್ನದೇ ಷೇರು ಕೊಳ್ಳುವುದಕ್ಕೆ ಅನೇಕ ಕಡೆ ಕಾನೂನಿನ ಮಿತಿಗಳಿವೆ. ಹಾಗಾಗಿ ಕೊಳ್ಳುವವರು ಕಂಪನಿಯೋ ಉಳಿದ ಇಬ್ಬರೋ ಎಂಬುದನ್ನು ಮೊದಲೇ ತೀರ್ಮಾನಿಸಿ. ಅದಕ್ಕೆ ಬೇರೆಯದೇ ಷೇರು ವರ್ಗಾವಣೆ ಪತ್ರ ಬೇಕು. ಅದಕ್ಕೆ ಬೋರ್ಡ್ ಒಪ್ಪಿಗೆ ಸಿಕ್ಕು ಷೇರುದಾರರ ರಿಜಿಸ್ಟರ್‌ನಲ್ಲಿ ಹೆಸರು ಬದಲಾದಾಗಲೇ ಕೆಲಸ ಮುಗಿದಂತೆ. ಹೀಗೆ ಹಿಂಪಡೆಯುವ ಹಕ್ಕಿಗೆ ಒಪ್ಪಂದದಲ್ಲಿ ಗಡುವು ಇರುವುದು ಸಾಮಾನ್ಯ. ಎಲ್ಲರೂ ಸ್ನೇಹಿತರೆಂದು ಅದನ್ನು ದಾಟಿಸಿದರೆ ಷೇರು ನಿಮ್ಮ ಬಳಿಯೇ ಉಳಿದು, ಮುಂದಿನ ಹೂಡಿಕೆದಾರರು ದಾಖಲೆ ಪರಿಶೀಲಿಸುವಾಗ ತಕರಾರು ಏಳುತ್ತದೆ. ಆಗ ನಿಮ್ಮ ಸಹಿಗಾಗಿ ಇಡೀ ವ್ಯವಹಾರ ಕಾಯಬೇಕಾಗುತ್ತದೆ.

ಉಳಿದ 30,000 ನಿಮ್ಮ ಬಳಿ ಇರಬಹುದು. ಮಾರುವ ದಿನ ಬಂದರೆ ಮೊದಲು ಉಳಿದ ಷೇರುದಾರರಿಗೆ ತೋರಿಸಬೇಕೆಂಬ ಷರತ್ತು ಹೆಚ್ಚಾಗಿ ಇರುತ್ತದೆ. ಕೆಲಸ ಬಿಟ್ಟ ಮಾತ್ರಕ್ಕೆ ಅದು ಸಡಿಲವಾಗುವುದಿಲ್ಲ.

ಮುಂದುವರಿಯುವ ಹೊಣೆಗಳ ವಿಷಯದಲ್ಲಿ "ಹಿಂದಿನ ಒಪ್ಪಂದದಂತೆ" ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಗೋಪ್ಯತೆ ಎಷ್ಟು ಕಾಲ, ಗ್ರಾಹಕರನ್ನೂ ನೌಕರರನ್ನೂ ಸೆಳೆಯಬಾರದೆಂಬ ನಿರ್ಬಂಧ ಎಷ್ಟು ತಿಂಗಳು, ಯಾವ ದಿನದಿಂದ, ಎಲ್ಲವೂ ಇರಲಿ. ಪೈಪೋಟಿಯ ಕೆಲಸ ಮಾಡಬಾರದೆಂಬ ಷರತ್ತು ಎಷ್ಟರ ಮಟ್ಟಿಗೆ ನಿಲ್ಲುತ್ತದೆಂಬುದು ಕಾನೂನಿನಿಂದ ಕಾನೂನಿಗೆ ಬದಲಾಗುತ್ತದೆ. ಅದಕ್ಕೆ ಸಹಿ ಹಾಕುವ ಮುನ್ನ ವಕೀಲರಿಗೆ ತೋರಿಸಿ. ಕಂಪನಿ ನೋಂದಣಿಯಾಗುವ ಮೊದಲು ನೀವು ಬರೆದ ಕೋಡ್, ಮಾಡಿದ ವಿನ್ಯಾಸ, ನಿಮ್ಮ ಸ್ವಂತ ಹೆಸರಲ್ಲಿ ಕೊಂಡ ಡೊಮೇನ್ ಯಾರದು ಎಂಬ ಪ್ರಶ್ನೆ ಬಹುತೇಕ ಪತ್ರಗಳಲ್ಲಿ ತಪ್ಪಿಹೋಗಿರುತ್ತದೆ. ಉದ್ಯೋಗದ ಒಪ್ಪಂದ ಅದಕ್ಕಿಂತ ಈಚಿನದು, ಹಿಂದಿನ ಕೆಲಸವನ್ನು ಒಳಗೊಳ್ಳದೇ ಇರಬಹುದು. ಅದನ್ನು ಕಂಪನಿಗೆ ಬರೆದುಕೊಡುವ ಸಾಲು ಸೇರಿಸಿ.

ನಿಮ್ಮ ಮಟ್ಟಿಗೆ ಹೆಚ್ಚು ಅಪಾಯದ್ದು ಜಾಮೀನು. ಅದು ನಿಮಗೂ ಬ್ಯಾಂಕಿಗೂ ನಡುವಿನ ಒಪ್ಪಂದ. ಕಂಪನಿಯೊಳಗೆ ನೀವು ಏನೇ ಬರೆದುಕೊಂಡರೂ ಬ್ಯಾಂಕ್ ಅದಕ್ಕೆ ಬದ್ಧವಲ್ಲ. ಬದಲಿ ಜಾಮೀನುದಾರರನ್ನು ಕೊಟ್ಟು, ನಿಮ್ಮನ್ನು ಬಿಡುಗಡೆ ಮಾಡಿದ ಪತ್ರವನ್ನು ಬ್ಯಾಂಕಿನಿಂದಲೇ ಪಡೆಯಿರಿ. ಅದು ಬರುವವರೆಗೆ, ಬ್ಯಾಂಕ್ ನಿಮ್ಮಿಂದ ವಸೂಲು ಮಾಡಿದ್ದನ್ನೆಲ್ಲ ಕಂಪನಿಯೂ ಉಳಿದ ಇಬ್ಬರೂ ತುಂಬಿಕೊಡಬೇಕೆಂಬ ಮಾತು ಪತ್ರದಲ್ಲಿರಲಿ. ಕಂಪನಿಯೊಂದೇ ಒಪ್ಪಿಕೊಂಡರೆ ಸಾಲದು. ಬ್ಯಾಂಕ್ ನಿಮ್ಮ ಮನೆ ಬಾಗಿಲಿಗೆ ಬರುವುದೇ ಕಂಪನಿಯ ಖಜಾನೆ ಖಾಲಿಯಾದಾಗ.

"ಇನ್ನು ಪರಸ್ಪರ ಯಾವ ಹಕ್ಕೊತ್ತಾಯವೂ ಇಲ್ಲ" ಎಂಬ ಸಾಲಿಗೆ ಸಹಿ ಕೇಳುತ್ತಾರೆ. ಅದಕ್ಕೆ ಮೊದಲು ಬಾಕಿ ಸಂಬಳ, ಕಂಪನಿಗೆ ನೀವು ಕೈಯಿಂದ ಹಾಕಿದ ಸಾಲ, ಉಳಿಸಿಕೊಂಡ 30,000 ಷೇರು, ಜಾಮೀನಿನ ಭರವಸೆ ಇವಿಷ್ಟನ್ನೂ ಅದರಿಂದ ಹೊರಗಿಡಿ. ವರ್ಗಾವಣೆ ಪತ್ರಕ್ಕೆ ಸಹಿ, ಅದರ ಹಣ, ರಾಜೀನಾಮೆಯ ಸ್ವೀಕೃತಿ ಒಂದೇ ದಿನ ಆಗಲಿ. ದಿನಾಂಕ ತುಂಬದ ವರ್ಗಾವಣೆ ಪತ್ರಕ್ಕೆ ಸಹಿ ಹಾಕಿ ಮಾತ್ರ ಕೊಡಬೇಡಿ.